ಎರಡು ಲೇಬಲ್ ಫೋಟೋ, ಒಂದೇ ಪ್ರಶ್ನೆ: ಮುರುಗಲು ಸಿರಪ್ಪೋ, ಮಾವಿನ ಡ್ರಿಂಕೋ?

ಬೇಸಿಗೆ ಶುರುವಾದರೆ ನನ್ನ ವಾಟ್ಸಾಪ್‌ಗೆ ಜೋಡಿ ಫೋಟೋಗಳು ಬರುತ್ತವೆ. ಒಂದು ಬಾಟಲಿಯ ಹಿಂಭಾಗ, ಒಂದು ಪ್ಯಾಕಿನ ಹಿಂಭಾಗ. ಕೆಳಗೆ ಒಂದೇ ಸಾಲು: "ಅಕ್ಕಾ, ಇದರಲ್ಲಿ ಯಾವುದು ಒಳ್ಳೇದು?" ಕುಡಿಯುವವರು ಯಾರು, ಎಷ್ಟು, ದಿನಾನಾ ಅಥವಾ ನೆಂಟರು ಬಂದಾಗ ಮಾತ್ರಾನಾ, ಏನೂ ಇರುವುದಿಲ್ಲ. ನಾನು ಕುಮಟಾದಲ್ಲಿ ಆಹಾರ ಸಲಹೆಯ ಕೆಲಸ ಮಾಡುವವಳು. "ಅದು ಅವರವರ ಆರೋಗ್ಯ ನೋಡಿ ಹೇಳಬೇಕು" ಎಂದು ಬರೆದು ಸುಮ್ಮನಾಗಬಹುದು. ಆದರೆ ಕೇಳಿದವರು ಅಂಗಡಿಯಲ್ಲೇ ನಿಂತಿರುತ್ತಾರೆ, ಅವರಿಗೆ ಈಗ ಒಂದು ಉತ್ತರ ಬೇಕು. ಲೇಬಲ್ ನೋಡಿ ಎಷ್ಟು ಹೇಳಬಹುದೋ ಅಷ್ಟನ್ನು ಹೇಳಬೇಕು. ಹೇಳಲಾಗದ್ದು ಯಾವುದು ಎಂದೂ ಹೇಳಬೇಕು.

ಅದಕ್ಕೆ ನಮ್ಮ ಕಡೆಯದೇ ಒಂದು ಜೋಡಿ ತೆಗೆದುಕೊಳ್ಳೋಣ. ಒಂದು, ಶಿರಸಿ ಕಡೆಯಿಂದ ಬರುವಂಥ ಮುರುಗಲು ಸಿರಪ್ಪಿನ ಬಾಟಲಿ. ಪೇಟೆಯಲ್ಲಿ ಕೋಕಂ ಸಿರಪ್ ಅಂತ ಮಾರುತ್ತಾರೆ. ಇನ್ನೊಂದು, ಕಾರವಾರದಿಂದ ಭಟ್ಕಳದವರೆಗೆ ಯಾವ ಬಸ್ ಸ್ಟ್ಯಾಂಡಿನಲ್ಲೂ ಸಿಗುವ 200 ಎಂ.ಎಲ್. ಮಾವಿನ ಡ್ರಿಂಕಿನ ಪ್ಯಾಕ್. ಕೆಳಗಿನ ಅಂಕಿಗಳನ್ನು ಇಂಥ ಲೇಬಲ್‌ಗಳಲ್ಲಿ ಇರುವ ಹಾಗೆ ಉದಾಹರಣೆಗಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಕೈಯಲ್ಲಿರುವ ಬಾಟಲಿಯಲ್ಲಿ ಬೇರೆ ಇರಬಹುದು, ಲೆಕ್ಕ ಮಾಡುವ ರೀತಿ ಅದೇ.

ಸಿರಪ್ಪಿನ ಲೇಬಲ್ ಹೀಗಿದೆ: 100 ಗ್ರಾಂಗೆ ಶಕ್ತಿ 252 ಕಿಲೊ ಕ್ಯಾಲೊರಿ, ಕಾರ್ಬೊಹೈಡ್ರೇಟ್ 63 ಗ್ರಾಂ, ಅದರಲ್ಲಿ ಸೇರಿಸಿದ ಸಕ್ಕರೆ 60 ಗ್ರಾಂ, ಪ್ರೋಟೀನ್ ಸೊನ್ನೆ, ಕೊಬ್ಬು ಸೊನ್ನೆ, ಸೋಡಿಯಂ 210 ಮಿಲಿಗ್ರಾಂ.

ಮಾವಿನ ಡ್ರಿಂಕಿನ ಲೇಬಲ್: 100 ಎಂ.ಎಲ್.ಗೆ ಶಕ್ತಿ 58 ಕಿಲೊ ಕ್ಯಾಲೊರಿ, ಕಾರ್ಬೊಹೈಡ್ರೇಟ್ 14.4 ಗ್ರಾಂ, ಒಟ್ಟು ಸಕ್ಕರೆ 13.5, ಅದರಲ್ಲಿ ಸೇರಿಸಿದ್ದು 11.8 ಗ್ರಾಂ, ಕೊಬ್ಬು ಸೊನ್ನೆ, ಸೋಡಿಯಂ 15 ಮಿಲಿಗ್ರಾಂ.

ಮೇಲಿಂದ ಮೇಲೆ ನೋಡಿದರೆ ತೀರ್ಪು ಸುಲಭ. ಒಂದರಲ್ಲಿ ಸಕ್ಕರೆ 60, ಇನ್ನೊಂದರಲ್ಲಿ 12ರ ಹತ್ತಿರ. ಉಪ್ಪೂ ಸಿರಪ್ಪಿನಲ್ಲೇ ಜಾಸ್ತಿ. ಹಾಗಾದರೆ ಮಾವಿನ ಡ್ರಿಂಕೇ ಒಳ್ಳೆಯದು ಅಲ್ವಾ? ಇಲ್ಲೇ ಹೆಚ್ಚಿನವರು ಎಡವುವುದು.

ಯಾವುದನ್ನು ಅಳೆಯಬೇಕು

ಪಾನೀಯಗಳ ಲೇಬಲ್‌ನಲ್ಲಿ ನಾನು ಮೊದಲು ನೋಡುವುದು ಸೇರಿಸಿದ ಸಕ್ಕರೆ. ಇಂಥ ಪಾನೀಯದಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಹೆಚ್ಚುಕಡಿಮೆ ಸೊನ್ನೆ. "ಫ್ಯಾಟ್ ಫ್ರೀ" ಎಂದು ಮುಂದೆ ದೊಡ್ಡದಾಗಿ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಸಕ್ಕರೆ ನೀರಿನಲ್ಲಿ ಕೊಬ್ಬು ಎಲ್ಲಿಂದ ಬರಬೇಕು? ಎರಡನೆಯದು ಸೋಡಿಯಂ, ಅಂದರೆ ಉಪ್ಪು. ಮೂರನೆಯದು ಪದಾರ್ಥಗಳ ಪಟ್ಟಿ. ಕೊನೆಗೆ ಒಂದು ಲೋಟಕ್ಕೆ ಬೀಳುವ ಖರ್ಚು.

ಈ ಎಲ್ಲವನ್ನೂ ಅಳೆಯಬೇಕಾದದ್ದು ಲೋಟದ ಲೆಕ್ಕದಲ್ಲಿ. ನೂರು ಗ್ರಾಂ ಸಿರಪ್ಪನ್ನು ಯಾರೂ ಹಾಗೇ ಕುಡಿಯುವುದಿಲ್ಲ. ಲೋಟಕ್ಕೆ ಬಂದ ಮೇಲೆ ಏನಿದೆ ಅನ್ನುವುದೇ ಹೋಲಿಕೆ.

ಹೋಲಿಸಲು ಒಂದು ಮಿತಿಯೂ ಬೇಕು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮಗಳಲ್ಲಿ, ದಿನಕ್ಕೆ 2000 ಕಿಲೊ ಕ್ಯಾಲೊರಿ ತಿನ್ನುವ ಸಾಮಾನ್ಯ ವಯಸ್ಕರ ಲೆಕ್ಕಕ್ಕೆ ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂದು ಇಟ್ಟುಕೊಂಡಿದ್ದಾರೆ. ಲೇಬಲ್‌ನಲ್ಲಿ ಕಾಣುವ ಶೇಕಡ ಆರ್‌ಡಿಎ, ಅಂದರೆ ದಿನದ ಅಳತೆಯಲ್ಲಿ ಎಷ್ಟು ಪಾಲು ಅನ್ನುವುದು, ಬರುವುದು ಈ ಲೆಕ್ಕದಿಂದಲೇ. ಐವತ್ತು ಗ್ರಾಂ ಅಂದರೆ ದಿನವಿಡೀ ಚಹಾ, ಬಿಸ್ಕತ್ತು, ಸಿಹಿ ಎಲ್ಲ ಸೇರಿ. ಒಂದು ಶರಬತ್ತಿಗೆ ಸಿಗುವುದು ಅದರಲ್ಲೊಂದು ಪಾಲು ಮಾತ್ರ.

ಮೊದಲು ಫೋಟೋ ಸರಿ ಇದೆಯಾ ನೋಡಿ

ಲೇಬಲ್ ಓದುವುದಕ್ಕಿಂತ ಫೋಟೋ ಓದುವುದು ಕಷ್ಟ. ಬಾಟಲಿ ಉರುಟಾಗಿರುತ್ತದೆ. ನಡುವಿನ ಸಾಲು ಕಾಣುತ್ತದೆ, ಬಲಗಡೆಯ ಅಂಕಣ ತಿರುಗಿ ಹೋಗಿರುತ್ತದೆ. ಟ್ಯೂಬ್‌ಲೈಟಿನ ಹೊಳಪು ಸರಿಯಾಗಿ ಸಕ್ಕರೆಯ ಸಾಲಿನ ಮೇಲೇ ಬಿದ್ದಿರುತ್ತದೆ. ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕತ್ತರಿಸಿ ಹೋದ ತಲೆಸಾಲು. "ಪ್ರತಿ 100 ಗ್ರಾಂಗೆ" ಎಂದಿದೆಯೋ "ಪ್ರತಿ ಸರ್ವಿಂಗ್‌ಗೆ" ಎಂದಿದೆಯೋ ಕಾಣದಿದ್ದರೆ ಕೆಳಗಿನ ಅಂಕಿಗಳು ಎಷ್ಟು ಸ್ಪಷ್ಟವಾಗಿದ್ದರೂ ಪ್ರಯೋಜನವಿಲ್ಲ. ಇಂಥ ಫೋಟೋ ಬಂದರೆ ಊಹೆ ಮಾಡಬಾರದು, ತಲೆಸಾಲಿನ ಫೋಟೋ ಇನ್ನೊಮ್ಮೆ ಕೇಳಬೇಕು.

ಒಂದು ಅಂಕಿ ಮಸುಕಾಗಿದ್ದರೆ ಮಾತ್ರ ಅದನ್ನು ಪತ್ತೆ ಮಾಡಲು ದಾರಿ ಇದೆ. ಒಂದು ಗ್ರಾಂ ಕಾರ್ಬೊಹೈಡ್ರೇಟ್‌ಗೆ 4 ಕಿಲೊ ಕ್ಯಾಲೊರಿ, ಪ್ರೋಟೀನ್‌ಗೂ 4, ಕೊಬ್ಬಿಗೆ 9. ಮೂರನ್ನೂ ಗುಣಿಸಿ ಕೂಡಿಸಿದರೆ ಮೇಲೆ ಬರೆದ ಶಕ್ತಿಯ ಹತ್ತಿರ ಬರಬೇಕು. ನಮ್ಮ ಸಿರಪ್ಪಿನ ಫೋಟೋದಲ್ಲಿ ಸಕ್ಕರೆ 60ರಂತೆಯೂ ಕಾಣುತ್ತದೆ, 80ರಂತೆಯೂ ಕಾಣುತ್ತದೆ ಎಂದುಕೊಳ್ಳಿ. ಶಕ್ತಿ 252 ಅನ್ನುವುದು ಸ್ಪಷ್ಟವಾಗಿದೆ. 252ನ್ನು 4ರಿಂದ ಭಾಗಿಸಿದರೆ 63. ಇಡೀ ಕಾರ್ಬೊಹೈಡ್ರೇಟೇ 63 ಗ್ರಾಂ ಇರುವಾಗ ಅದರೊಳಗಿನ ಸಕ್ಕರೆ 80 ಆಗುವುದು ಸಾಧ್ಯವಿಲ್ಲ. ಅಂದರೆ ಅದು 60. ಮಾವಿನ ಡ್ರಿಂಕಿನಲ್ಲೂ 14.4ನ್ನು 4ರಿಂದ ಗುಣಿಸಿದರೆ 57.6, ಲೇಬಲ್‌ನ 58ಕ್ಕೆ ಸರಿ ಹೊಂದಿತು. ಲೆಕ್ಕ ತೀರಾ ದೂರ ಹೋದರೆ ಒಂದೋ ಅಂಕಿಯನ್ನು ತಪ್ಪಾಗಿ ಓದಿದ್ದೇವೆ, ಇಲ್ಲವೋ ಎರಡು ಬೇರೆ ಬೇರೆ ಅಂಕಣಗಳ ಅಂಕಿ ಬೆರೆಸಿಬಿಟ್ಟಿದ್ದೇವೆ. ನಾರಿನಂಶ ಜಾಸ್ತಿ ಇರುವ ತಿಂಡಿಗಳಲ್ಲಿ ಈ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ. ಶರಬತ್ತಿಗೆ ಚೆನ್ನಾಗಿ ಒಪ್ಪುತ್ತದೆ.

ಗ್ರಾಂ ಬೇರೆ, ಎಂ.ಎಲ್. ಬೇರೆ

ಈ ಜೋಡಿಯ ನಿಜವಾದ ಗಂಟು ಇಲ್ಲಿದೆ. ಸಿರಪ್ಪಿನ ಲೇಬಲ್ ಇರುವುದು 100 ಗ್ರಾಂ ತೂಕಕ್ಕೆ. ನಾವು ಲೋಟಕ್ಕೆ ಹಾಕುವುದು ಎಂ.ಎಲ್. ಅಳತೆಯಲ್ಲಿ. ನೀರಿಗೆ ಎರಡೂ ಒಂದೇ: 100 ಎಂ.ಎಲ್. ನೀರು 100 ಗ್ರಾಂ ತೂಗುತ್ತದೆ. ಸಕ್ಕರೆ ಪಾಕ ಹಾಗಲ್ಲ, ಅದು ಭಾರ. ನೂರರಲ್ಲಿ ಅರವತ್ತಕ್ಕಿಂತ ಜಾಸ್ತಿ ಸಕ್ಕರೆ ಇರುವ ಸಿರಪ್ 100 ಎಂ.ಎಲ್.ಗೆ ಸುಮಾರು 130 ಗ್ರಾಂ ತೂಗುತ್ತದೆ.

ಈಗ ಲೋಟ ತುಂಬಿಸೋಣ. ಬಾಟಲಿಯ ಮೇಲೆ 30 ಎಂ.ಎಲ್. ಸಿರಪ್ಪಿಗೆ 170 ಎಂ.ಎಲ್. ನೀರು ಎಂದು ಬರೆದಿದೆ ಎಂದಿಟ್ಟುಕೊಳ್ಳಿ. 30 ಎಂ.ಎಲ್. ಸಿರಪ್ಪಿನ ತೂಕ ಸುಮಾರು 39 ಗ್ರಾಂ. ಅದರಲ್ಲಿ ನೂರಕ್ಕೆ 60ರಂತೆ ಸಕ್ಕರೆ ಸುಮಾರು 23 ಗ್ರಾಂ. ಗ್ರಾಂ, ಎಂ.ಎಲ್. ಎರಡೂ ಒಂದೇ ಎಂದುಕೊಂಡಿದ್ದರೆ 18 ಬರುತ್ತಿತ್ತು. ಒಂದು ಟೀ ಚಮಚ ಸಕ್ಕರೆ ಲೆಕ್ಕದಿಂದಲೇ ಮಾಯ!

ಮಾವಿನ ಡ್ರಿಂಕಿನ ಪ್ಯಾಕ್ 200 ಎಂ.ಎಲ್. ಸೇರಿಸಿದ ಸಕ್ಕರೆ 11.8ರ ಎರಡು ಪಟ್ಟು, ಅಂದರೆ ಸುಮಾರು 24 ಗ್ರಾಂ. ಮಾವಿನ ತಿರುಳಿನದ್ದೂ ಸೇರಿಸಿದರೆ ಒಟ್ಟು 27.

ಇಪ್ಪತ್ತಮೂರು, ಇಪ್ಪತ್ತನಾಲ್ಕು. 60 ಮತ್ತು 12 ಎಂದು ಕಂಡದ್ದು ಲೋಟದಲ್ಲಿ ಸರಿಸಮ ಆಯಿತು. ಒಂದು ಲೋಟ ಯಾವುದು ಕುಡಿದರೂ ದಿನದ 50 ಗ್ರಾಂನಲ್ಲಿ ಅರ್ಧಕ್ಕೆ ಹತ್ತಿರ ಮುಗಿಯಿತು. ಒಂದು ಗ್ರಾಂ ವ್ಯತ್ಯಾಸ ಹಿಡಿದು ಇದು ಗೆದ್ದಿತು, ಅದು ಸೋತಿತು ಅನ್ನಬಾರದು. ಹಣ್ಣು ಬೆಳೆಯಿಂದ ಬೆಳೆಗೆ ಬದಲಾಗುತ್ತದೆ, ಲೇಬಲ್‌ನ ಅಂಕಿಯಲ್ಲೂ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ.

ಸೋಡಿಯಂ ಕೂಡ ಹೀಗೇ. 39 ಗ್ರಾಂ ಸಿರಪ್ಪಿನಲ್ಲಿ ಸುಮಾರು 82 ಮಿಲಿಗ್ರಾಂ, ಮಾವಿನ ಪ್ಯಾಕಿನಲ್ಲಿ 30. ಪಟ್ಟು ನೋಡಿದರೆ ಎರಡೂವರೆಗಿಂತ ಜಾಸ್ತಿ. ಆದರೆ ದಿನದ 2000ದ ಎದುರು ಎರಡೂ ಸಣ್ಣವು. ಪಟ್ಟು ದೊಡ್ಡದಾದ ಮಾತ್ರಕ್ಕೆ ವ್ಯತ್ಯಾಸ ದೊಡ್ಡದಾಗುವುದಿಲ್ಲ.

ಇನ್ನೊಂದು ಬಲೆ ಮಾವಿನ ಪ್ಯಾಕಿನಲ್ಲಿದೆ. ಆರ್‌ಡಿಎ ಅಂಕಣದಲ್ಲಿ ಸೇರಿಸಿದ ಸಕ್ಕರೆಗೆ 24% ಎಂದಿರುತ್ತದೆ. ಕಾಲು ಭಾಗ ತಾನೇ ಅನ್ನಿಸುತ್ತದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಸರ್ವಿಂಗ್ 100 ಎಂ.ಎಲ್., ಪ್ಯಾಕಿನಲ್ಲಿ 2 ಸರ್ವಿಂಗ್" ಎಂದಿದ್ದರೆ ಪೂರ್ತಿ ಪ್ಯಾಕಿಗೆ ಅದು 47%. ಕೊಳವೆ ಚುಚ್ಚಿದ ಪ್ಯಾಕನ್ನು ಅರ್ಧ ಕುಡಿದು ನಾಳೆಗೆ ಎತ್ತಿಡುವ ಮಗುವನ್ನು ನಾನಂತೂ ನೋಡಿಲ್ಲ.

ಸಿರಪ್ಪಿನ ಲಗಾಮು ಕೈಯಲ್ಲಿದೆ

ಲೋಟದಲ್ಲಿ ಎರಡೂ ಸಮ ಆದ ಮೇಲೆ ಆಯ್ಕೆ ಹೇಗೆ? ಇಲ್ಲಿ ನನ್ನ ಅಭಿಪ್ರಾಯ ಸಿರಪ್ಪಿನ ಕಡೆ, ಆದರೆ ಒಂದು ಷರತ್ತಿನ ಮೇಲೆ. ಮಾವಿನ ಪ್ಯಾಕಿನಲ್ಲಿ ಸಕ್ಕರೆಯನ್ನು ಕಾರ್ಖಾನೆಯವರು ಹಾಕಿ ಮುಗಿಸಿದ್ದಾರೆ. ಸಿರಪ್ಪಿನಲ್ಲಿ ಅದನ್ನು ಹಾಕುವವರು ನಾವು. 15 ಎಂ.ಎಲ್. ಹಾಕಿದರೆ ಸಕ್ಕರೆ ಸುಮಾರು 12 ಗ್ರಾಂಗೆ ಇಳಿಯುತ್ತದೆ. ಮುರುಗಲಿನ ಹುಳಿ ಗಟ್ಟಿ, ಅಷ್ಟರಲ್ಲೂ ರುಚಿ ಉಳಿಯುತ್ತದೆ. ಒಂದು ಚಿಟಿಕೆ ಹುರಿದ ಜೀರಿಗೆ ಪುಡಿ ಉದುರಿಸಿದರೆ ಸಿಹಿ ಕಡಿಮೆ ಆದದ್ದು ಗೊತ್ತೂ ಆಗುವುದಿಲ್ಲ.

ಷರತ್ತು ಏನೆಂದರೆ ಅಳತೆ. ಬಾಟಲಿಯಿಂದ ನೇರವಾಗಿ ಸುರಿಯುವ ಮನೆಗಳಲ್ಲಿ 30 ಎಂ.ಎಲ್. ಯಾವಾಗ 60 ಆಗುತ್ತದೆ ಅಂತ ತಿಳಿಯುವುದೇ ಇಲ್ಲ. ಬಣ್ಣ ಗಾಢವಾಗಿ ಬಂದರೆ ಚೆಂದ ಕಾಣುತ್ತದೆ, ನೆಂಟರಿಗೆ ತೆಳ್ಳಗೆ ಕೊಟ್ಟರೆ ಜಿಪುಣರು ಅಂದುಕೊಂಡಾರು ಎಂಬ ಅಳುಕು ಬೇರೆ. 60 ಎಂ.ಎಲ್. ಹಾಕಿದ ಲೋಟದಲ್ಲಿ ಸಕ್ಕರೆ 47 ಗ್ರಾಂ. ಆಗ ಮಾವಿನ ಡ್ರಿಂಕೇ ವಾಸಿ. ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆಯ ಮುಚ್ಚಳವನ್ನು ತೊಳೆದು ಬಾಟಲಿಯ ಪಕ್ಕ ಇಟ್ಟುಕೊಳ್ಳಿ. ಮನೆಯ ಚಮಚಗಳನ್ನು ನಂಬಬೇಡಿ, ಒಂದೊಂದೂ ಒಂದೊಂದು ಗಾತ್ರ.

ಪದಾರ್ಥಗಳ ಪಟ್ಟಿಯಲ್ಲೂ ಸಿರಪ್ಪಿಗೆ ಅನ್ಯಾಯ ಆಗುತ್ತದೆ. ತಯಾರಿಸುವಾಗ ಯಾವುದರ ತೂಕ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಸಿರಪ್ಪಿನಲ್ಲಿ "ಸಕ್ಕರೆ, ಮುರುಗಲು ರಸ, ಉಪ್ಪು, ಜೀರಿಗೆ" ಎಂದಿರುತ್ತದೆ. ಮಾವಿನ ಡ್ರಿಂಕಿನಲ್ಲಿ "ನೀರು, ಮಾವಿನ ತಿರುಳು, ಸಕ್ಕರೆ". ಸಕ್ಕರೆ ಮೂರನೆಯ ಸ್ಥಾನದಲ್ಲಿದೆ, ಹಾಗಾಗಿ ಕಡಿಮೆ ಎಂದು ಅನ್ನಿಸುತ್ತದೆ. ಸಿರಪ್ಪಿಗೆ ಮನೆಯಲ್ಲಿ ಸೇರಿಸುವ 170 ಎಂ.ಎಲ್. ನೀರನ್ನೂ ಪಟ್ಟಿಗೆ ಹಾಕಿದರೆ ಅಲ್ಲೂ ನೀರೇ ಮೊದಲು ಬರುತ್ತದೆ. ಸಿದ್ಧ ಪಾನೀಯವನ್ನೂ ಸಿರಪ್ಪನ್ನೂ ಪಟ್ಟಿಯ ಕ್ರಮದಿಂದ ಹೋಲಿಸಲು ಬರುವುದಿಲ್ಲ. ಎರಡು ಸಿರಪ್ಪುಗಳನ್ನು ಹೋಲಿಸಲು ಅದು ಉಪಯೋಗಕ್ಕೆ ಬರುತ್ತದೆ.

ಈ ಪಟ್ಟಿಯಿಂದ ನಿಜವಾಗಿ ತಿಳಿಯುವುದು ಬಣ್ಣದ ವಿಷಯ. ಮುರುಗಲು ಸಿಪ್ಪೆಯ ಕೆಂಪು ಹಣ್ಣಿನದ್ದೇ. ಸಿಪ್ಪೆಗೆ ಸಕ್ಕರೆ ಬೆರೆಸಿ ಬಿಸಿಲಿಗೆ ಇಟ್ಟರೆ ಸಕ್ಕರೆ ರಸವನ್ನು ಎಳೆದುಕೊಳ್ಳುತ್ತದೆ, ಬಣ್ಣವೂ ಅದರ ಜೊತೆ ಇಳಿಯುತ್ತದೆ. ಬಣ್ಣ, ಹುಳಿಯಂಥ ಸೇರ್ಪಡೆಗಳಿಗೆ ಲೇಬಲ್‌ನಲ್ಲಿ ಐಎನ್‌ಎಸ್ ಎಂಬ ನಂಬರು ಇರುತ್ತದೆ. ಪಟ್ಟಿಯಲ್ಲಿ ಐಎನ್‌ಎಸ್ 122ರಂಥ ಕೃತಕ ಕೆಂಪು ಬಣ್ಣ ಕಂಡರೆ, ಹಣ್ಣಿನ ರಸ ಕಡಿಮೆ ಇರಬಹುದು ಎಂದು ಅನುಮಾನಿಸಲು ಕಾರಣ ಇದೆ. ಅದೇ ಐಎನ್‌ಎಸ್ 330 ಕಂಡು ಹೆದರಬೇಕಿಲ್ಲ, ಅದು ಸಿಟ್ರಿಕ್ ಆಮ್ಲ, ನಿಂಬೆಯಲ್ಲಿರುವ ಹುಳಿ. 300 ಎಂದರೆ ವಿಟಮಿನ್ ಸಿ. ನಂಬರುಗಳನ್ನು ಎಣಿಸಿ ಯಾವುದರಲ್ಲಿ ಕಡಿಮೆ ಇದೆಯೋ ಅದು ಒಳ್ಳೆಯದು ಅನ್ನುವ ರೂಢಿ ಇದೆಯಲ್ಲ, ಅದರಿಂದ ಏನೂ ತಿಳಿಯುವುದಿಲ್ಲ.

"ಬೆಲ್ಲದ ಸಿರಪ್ ಸಿಗುತ್ತದಲ್ಲ, ಅದಾದರೆ?" ಎಂದು ಖಂಡಿತ ಕೇಳುತ್ತೀರಿ. ಜೋನಿ ಬೆಲ್ಲದ ಊರಿನವರಿಗೆ ಇದನ್ನು ಹೇಳಲು ನನಗೂ ಬೇಜಾರೇ. ಬೆಲ್ಲದಲ್ಲಿ ಇರುವುದೂ ಬಹುಪಾಲು ಸಕ್ಕರೆಯೇ. ಒಂದು ಲೋಟಕ್ಕೆ ಬೀಳುವ ಬೆಲ್ಲದಿಂದ ಸಿಗುವ ಕಬ್ಬಿಣ ಅಲ್ಪ. ರುಚಿಗೆ ಬೆಲ್ಲದ್ದು ತೆಗೆದುಕೊಳ್ಳಿ, ಗ್ರಾಂ ಲೆಕ್ಕದಲ್ಲಿ ರಿಯಾಯಿತಿ ಕೊಡಬೇಡಿ.

ಲೇಬಲ್ಲೇ ಇಲ್ಲದ ಮೂರನೆಯದು

ಎರಡು ಫೋಟೋ ಬಂದಾಗ ಆ ಎರಡರಲ್ಲೇ ಆರಿಸಬೇಕು ಎಂಬ ಭಾವನೆ ಬರುತ್ತದೆ. ಆದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಡಬ್ಬಿಯಲ್ಲಿ ಒಣಗಿದ ಮುರುಗಲು ಸಿಪ್ಪೆ ಇರುತ್ತದೆ. ನಾಲ್ಕೈದು ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿದರೆ ಹುಳಿ ನೀರು ಸಿದ್ಧ. ಅದಕ್ಕೆ ಹಾಕುವ ಸಕ್ಕರೆ ಪೂರ್ತಿ ನಮ್ಮ ಲೆಕ್ಕ: ಒಂದು ಟೀ ಚಮಚ ಹಾಕಿದರೆ 5 ಗ್ರಾಂ, ಹಾಕದಿದ್ದರೆ ಇಲ್ಲ. ಸಕ್ಕರೆಯ ಮಟ್ಟಿಗೆ ಮೂರರಲ್ಲಿ ಇದೇ ಮೇಲು, ಅದರಲ್ಲಿ ಅನುಮಾನ ಇಲ್ಲ. ಅಂಕಿ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇದು ಹೋಲಿಕೆಗೇ ಬರುವುದಿಲ್ಲ.

ಇದಕ್ಕೂ ತನ್ನ ತೊಂದರೆ ಇದೆ. ಸಿಪ್ಪೆ ಬೇಗ ಹಾಳಾಗದಿರಲಿ ಎಂದು ಕೆಲವರು ಉಪ್ಪು ಹಚ್ಚಿ ಒಣಗಿಸುತ್ತಾರೆ. ಅಂಥ ಸಿಪ್ಪೆಯಲ್ಲಿ ಉಪ್ಪು ಎಷ್ಟಿದೆ ಅಂತ ಹೇಳಲು ಯಾವ ಲೇಬಲ್ಲೂ ಇಲ್ಲ. ನಾಲಿಗೆಗೆ ಇಟ್ಟು ನೋಡುವುದೇ ದಾರಿ. ಮೇಲಿಂದ ಕಾಲು ಟೀ ಚಮಚ ಉಪ್ಪು ಹಾಕಿದರೆ ಸೋಡಿಯಂ ಸುಮಾರು 600 ಮಿಲಿಗ್ರಾಂ ಏರುತ್ತದೆ. ಸಿರಪ್ಪಿನ 82ಕ್ಕೆ ತಲೆಕೆಡಿಸಿಕೊಂಡವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾರವಾರದ ಕಡೆ ಮೀನೂಟದ ಜೊತೆ ಕುಡಿಯುವ ಸೋಲ್ ಕಡಿಗೆ ತೆಂಗಿನ ಹಾಲು ಸೇರುತ್ತದೆ. ಅಲ್ಲಿ ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು, ಅದರ ಹೋಲಿಕೆಯೇ ಬೇರೆ.

ಲೇಬಲ್‌ಗೆ ಕಾಣದ್ದು

ಎಷ್ಟು ಸುರಿಯುತ್ತೀರಿ ಅನ್ನುವುದು ಲೇಬಲ್‌ಗೆ ಗೊತ್ತಿಲ್ಲ, ಅದನ್ನು ಆಗಲೇ ನೋಡಿದೆವು. ಯಾವ ನೀರು ಬೆರೆಸುತ್ತೀರಿ ಅನ್ನುವುದೂ ಗೊತ್ತಿಲ್ಲ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬಾವಿಯ ನೀರು ಕದಡುತ್ತದೆ. ಕುದಿಸದ ನೀರಿನಲ್ಲಿ ಕಲಸಿದ ಶರಬತ್ತು, ಸಕ್ಕರೆ ಎಷ್ಟೇ ಕಡಿಮೆ ಇರಲಿ, ಹೊಟ್ಟೆ ಕೆಡಿಸಬಹುದು. ಜಾತ್ರೆಯಲ್ಲೋ ಪ್ರಯಾಣದಲ್ಲೋ ನೀರಿನ ಬಗ್ಗೆ ಅನುಮಾನ ಇದ್ದರೆ ಸೀಲ್ ಆದ ಪ್ಯಾಕೇ ಒಳ್ಳೆಯದು. ಲೇಬಲ್‌ನ ಯಾವ ಅಂಕಿಯೂ ಈ ಮಾತು ಹೇಳುವುದಿಲ್ಲ.

ಹುಳಿ ಎಷ್ಟಿದೆ ಎಂದೂ ಪೌಷ್ಟಿಕಾಂಶದ ಪಟ್ಟಿಯಲ್ಲಿ ಇರುವುದಿಲ್ಲ. ಹುಳಿಯೂ ಸಕ್ಕರೆಯೂ ಸೇರಿದ್ದು ಹಲ್ಲಿಗೆ ಕೆಟ್ಟದು, ಅದರಲ್ಲೂ ಗುಟುಕು ಗುಟುಕಾಗಿ ತಾಸುಗಟ್ಟಲೆ ಕುಡಿದರೆ. ಮಧ್ಯಾಹ್ನ ಊಟದ ಜೊತೆ ಒಮ್ಮೆಲೇ ಕುಡಿದ ಲೋಟವೂ ಶಾಲೆಯ ಬಾಟಲಿಯಲ್ಲಿ ಸಂಜೆವರೆಗೆ ಚಪ್ಪರಿಸಿದ ಅದೇ ಲೋಟವೂ ಲೇಬಲ್‌ನಲ್ಲಿ ಒಂದೇ.

ಪೊಟ್ಯಾಸಿಯಂ ಕೂಡ ಕಡ್ಡಾಯ ಪಟ್ಟಿಯಲ್ಲಿ ಇಲ್ಲ. ಬರೆದಿಲ್ಲ ಅಂದರೆ ಇಲ್ಲ ಎಂದರ್ಥವಲ್ಲ. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರ ಮನೆಯಿಂದ ಇದೇ ಎರಡು ಫೋಟೋ ಬಂದರೆ ನಾನು ಲೇಬಲ್ ನೋಡಿ ಉತ್ತರ ಕೊಡುವುದಿಲ್ಲ. ಅವರಿಗೆ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳಲು ಹೇಳುತ್ತೇನೆ.

ಮುರುಗಲಿನ ಗುಣವೂ ಪಟ್ಟಿಯಲ್ಲಿ ಸಿಗುವುದಿಲ್ಲ. ಪಿತ್ತಕ್ಕೆ ಒಳ್ಳೆಯದು, ದೇಹ ತಂಪು ಎಂದು ಹಿರಿಯರು ಹೇಳುತ್ತಾರೆ. ಅವರು ಹೇಳಿದ್ದು ಸಿಪ್ಪೆ ನೆನೆಸಿದ ನೀರಿನ ಬಗ್ಗೆ. ನೂರಕ್ಕೆ ಅರವತ್ತು ಪಾಲು ಸಕ್ಕರೆ ತುಂಬಿದ ಬಾಟಲಿಗೆ ಆ ಮಾತನ್ನು ಹಾಗೇ ಅಂಟಿಸುವುದು ಸರಿಯಲ್ಲ. ಕಾಯಿಸಿ, ಸೋಸಿ, ತಿಂಗಳುಗಟ್ಟಲೆ ಇಟ್ಟ ಮೇಲೆ ಹಣ್ಣಿನ ಸತ್ವ ಎಷ್ಟು ಉಳಿದಿದೆ ಎಂದು ಅಂಕಿಗಳಿಂದ ಹೇಳಲಾಗದು. ಮಾವಿನ ಪ್ಯಾಕಿನ ಮುಂದಿರುವ ಹಣ್ಣಿನ ಚಿತ್ರಕ್ಕೂ ಇದೇ ಮಾತು. ಅದರಲ್ಲಿ ತಿರುಳು ಶೇಕಡ ಎಷ್ಟು ಎಂದು ಪದಾರ್ಥಗಳ ಪಟ್ಟಿಯಲ್ಲಿ ಆವರಣದೊಳಗೆ ಬರೆದಿರುತ್ತಾರೆ. ಚಿತ್ರ ಬಿಟ್ಟು ಅದನ್ನು ನೋಡಿ.

ಯಾರಿಗೆ ಯಾವುದು

ದಿನಾ ಸಂಜೆ ಒಂದು ಲೋಟ ಕುಡಿಯುವ, ಬೇರೆ ಕಾಯಿಲೆ ಇಲ್ಲದ ಮನೆಯವರಿಗೆ: ಅಳತೆ ಮುಚ್ಚಳ ಬಳಸುವುದಾದರೆ ಸಿರಪ್, ಲೋಟಕ್ಕೆ 15 ಎಂ.ಎಲ್.ನಂತೆ. ಅಳೆಯುವ ತಾಳ್ಮೆ ಇಲ್ಲದಿದ್ದರೆ ಸಿರಪ್ಪಿನಿಂದ ಲಾಭ ಇಲ್ಲ. ದಿನಾ ಬೇಕೇ ಬೇಕು ಅನ್ನುವವರು ಸಿಪ್ಪೆಗೆ ಬದಲಾಯಿಸುವುದು ಒಳ್ಳೆಯದು.

ಮಕ್ಕಳಿಗೆ ಎರಡೂ ಅಪರೂಪಕ್ಕೆ. ಎರಡು ವರ್ಷದೊಳಗಿನ ಮಗುವಿಗೆ ಎರಡೂ ಬೇಡ. ಆ ವಯಸ್ಸಿಗೆ ಸಕ್ಕರೆ ಸೇರಿಸಿದ್ದೇ ಬೇಡ. ಮಾವಿನ ಋತುವಿನಲ್ಲಿ ಅಂಕೋಲಾದ ಕರಿ ಈಶಾಡು ಸಿಗುವಾಗ ಮಾವಿನ ಡ್ರಿಂಕನ್ನು ಹಣ್ಣಿನ ಬದಲಿಗೆ ಅಂತ ಕೊಡುವುದು ನನಗೆ ಅರ್ಥವೇ ಆಗುವುದಿಲ್ಲ. ಹಣ್ಣಿನಲ್ಲಿ ನಾರು ಇದೆ, ಅಗಿಯಬೇಕು, ಹೊಟ್ಟೆ ತುಂಬುತ್ತದೆ.

ರಕ್ತದೊತ್ತಡ ಇರುವವರಿಗೆ ಈ ಎರಡು ಲೇಬಲ್‌ಗಳ ಸೋಡಿಯಂ ವ್ಯತ್ಯಾಸದಿಂದ ತೀರ್ಮಾನ ಬೇಡ. ಮೇಲಿಂದ ಉಪ್ಪು ಹಾಕದಿದ್ದರೆ ಸಾಕು.

ಸಕ್ಕರೆ ಕಾಯಿಲೆ ಇರುವವರಿಗೆ ನನ್ನ ಉತ್ತರ ಎರಡೂ ಬೇಡ, ಸಕ್ಕರೆ ಹಾಕದ ಸಿಪ್ಪೆ ನೀರು ಕುಡಿಯಿರಿ ಎಂದೇ. ಅವರು ನೋಡಬೇಕಾದದ್ದು ಸೇರಿಸಿದ ಸಕ್ಕರೆಯ ಸಾಲು ಮಾತ್ರ ಅಲ್ಲ, ಇಡೀ ಕಾರ್ಬೊಹೈಡ್ರೇಟ್. ಮಾಲ್ಟೊಡೆಕ್ಸ್‌ಟ್ರಿನ್ ಅನ್ನುವ ಒಂದು ಪುಡಿಯನ್ನು ಎಷ್ಟೋ ಪಾನೀಯದ ಪುಡಿಗಳಲ್ಲಿ ಬಳಸುತ್ತಾರೆ. ಅದು ಸಕ್ಕರೆಯ ಸಾಲಿನಲ್ಲಿ ಬಹುಪಾಲು ಕಾಣಿಸುವುದಿಲ್ಲ, ಆದರೆ ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ಅದೇ ರೋಗಿಗೆ ಒಂದು ಹೊತ್ತಿನಲ್ಲಿ ಉತ್ತರ ಪೂರ್ತಿ ತಿರುಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ನಡುಕ, ಬೆವರು, ಗಾಬರಿ ಬರುವುದುಂಟು. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ಆಗ ತಕ್ಷಣ ಸುಮಾರು 15 ಗ್ರಾಂ ಸಕ್ಕರೆ ಕೊಡಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು. ಮಾವಿನ ಡ್ರಿಂಕಿನ ಲೇಬಲ್ ಪ್ರಕಾರ 110 ಎಂ.ಎಲ್.ನಲ್ಲಿ 15 ಗ್ರಾಂ ಬಂತು, ಅಂದರೆ ಅರ್ಧ ಪ್ಯಾಕಿಗಿಂತ ಸ್ವಲ್ಪ ಜಾಸ್ತಿ. ಅಳತೆ ಗೊತ್ತಿರುವ, ಕಲಸಬೇಕಾಗಿಲ್ಲದ ಪ್ಯಾಕ್ ಆ ಹೊತ್ತಿಗೆ ಸಿರಪ್ಪಿಗಿಂತ ಮೇಲು, ಸಿಪ್ಪೆ ನೀರು ಏನೇನೂ ಉಪಯೋಗವಿಲ್ಲ. "ಯಾವುದು ಒಳ್ಳೇದು" ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವ ಒಂದೇ ಪ್ರಶ್ನೆ "ಯಾರಿಗೆ?" ಎಂದಾಗಿರುವುದು ಇದಕ್ಕೇ.

ಖರ್ಚನ್ನೂ ಲೋಟದ ಲೆಕ್ಕಕ್ಕೆ ತನ್ನಿ. 700 ಎಂ.ಎಲ್. ಬಾಟಲಿಗೆ 210 ರೂಪಾಯಿ ಎಂದಿಟ್ಟುಕೊಂಡರೆ, 30 ಎಂ.ಎಲ್.ನಂತೆ 23 ಲೋಟ, ಲೋಟಕ್ಕೆ ಒಂಬತ್ತು ರೂಪಾಯಿ. 15 ಎಂ.ಎಲ್.ನಂತೆ ಹಾಕಿದರೆ ನಾಲ್ಕೂವರೆ. ಪ್ಯಾಕಿಗೆ 20 ರೂಪಾಯಿ ಆದರೆ ಲೋಟಕ್ಕೆ 20. ಒಬ್ಬರೇ ಇರುವ ಮನೆಯಲ್ಲಿ ಈ ಲೆಕ್ಕ ಹಿಡಿಯುವುದಿಲ್ಲ. ತೆರೆದ ಬಾಟಲಿಯನ್ನು ಎಷ್ಟು ದಿನದೊಳಗೆ ಮುಗಿಸಬೇಕು, ಫ್ರಿಜ್‌ನಲ್ಲೇ ಇಡಬೇಕಾ ಎಂದು ಲೇಬಲ್‌ನಲ್ಲಿ ಬರೆದಿರುತ್ತದೆ. ಫೋಟೋ ತೆಗೆಯುವಾಗ ಆ ಸಾಲನ್ನೂ ಸೇರಿಸಿ ತೆಗೆಯಿರಿ. ಮುಚ್ಚಳ ತೆಗೆದಾಗ ಗುಳ್ಳೆ ಎದ್ದರೆ, ಹುದುಗಿದ ವಾಸನೆ ಬಂದರೆ ಎಷ್ಟೇ ಉಳಿದಿರಲಿ ಚೆಲ್ಲಿಬಿಡಿ.